ಆ ಎರಡು ಬಾಣ ಅಳಿಸಿದ್ದು ನಮ್ಮ ಮನೆಯ ಹುಡುಗನೇ

ಇವತ್ತು ಬೆಳಿಗ್ಗೆ ಆರಕ್ಕೆ ಕಂಪ್ಲಿಯಿಂದ ಅತ್ತೆಯ ಫೋನ್. "ತಮ್ಮಾ, ಟಿಬಿ ಡ್ಯಾಂ ಗೇಟ್ ಮತ್ತ ಕಿತ್ಕೊಂಡು ಹೋಗೈತಂತ. ಜ್ವಾಳದ ಚೀಲ ಅಟ್ಟಕ್ಕ ಏರ್ಸಾಕತ್ತೀವಿ." ಎಪ್ಪತ್ತು ದಾಟಿದವಳು, ಮೊಣಕಾಲು ಹಿಡಿದುಕೊಂಡು ಓಡಾಡುವವಳು. ಡ್ಯಾಂ ಪಕ್ಕದ ಮುನಿರಾಬಾದಿನ ಗೆಳೆಯನನ್ನು ಎಬ್ಬಿಸಿ ಕೇಳಿದೆ. ಅವನು ಹೋಗಿ ನೋಡಿಬಂದ. ಏನೂ ಆಗಿಲ್ಲ. ಊರೆಲ್ಲ ಹರಿದಾಡುತ್ತಿದ್ದ ವಿಡಿಯೊ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟಿನ ಚೈನ್ ತುಂಡಾದಾಗಿನದು.

ನನಗೆ ಸಿಟ್ಟು ಬಂದದ್ದು ಸುಳ್ಳಿಗಲ್ಲ. ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಆ ವಿಡಿಯೊ ಮೇಲೆ ಫಾರ್ವರ್ಡ್ ಆದದ್ದು ಅಂತ ತೋರಿಸುವ ಒಂದು ಬಾಣವೂ ಇರಲಿಲ್ಲ. ಈಗಷ್ಟೇ ಡ್ಯಾಂ ಮೇಲೆ ನಿಂತು ತೆಗೆದದ್ದು ಅನ್ನುವ ಹಾಗಿತ್ತು. ಹಾಕಿದವನು ನಮ್ಮಣ್ಣನ ಮಗ. ಕೇಳಿದರೆ, "ಕಾಕಾ, ನನಗ ಎರಡು ಬಾಣ ಹಾಕ್ಕೊಂಡೇ ಬಂದಿತ್ತು. ಒಬ್ಬರಿಗಿಂತ ಹೆಚ್ಚು ಮಂದಿಗೆ ಹೋಗ್ಲೇ ಇಲ್ಲ. ಅದಕ್ಕ ಗ್ಯಾಲರಿಗೆ ಇಳಿಸ್ಕೊಂಡು ಹೊಸದಾಗಿ ನಾಕು ಗ್ರೂಪಿಗೆ ಹಾಕಿದೆ" ಅಂದ.

ಆ ಎರಡು ಬಾಣ ಏನು ಹೇಳುತ್ತವೆ ಅಂತ ಅವನಿಗೆ ಗೊತ್ತಿರಲಿಲ್ಲ. ವಾಟ್ಸಾಪ್‌ನಲ್ಲಿ ನಾವು ಫಾರ್ವರ್ಡ್ ಒತ್ತಿದಾಗ ಮೆಸೇಜಿನ ಜೊತೆಗೇ ಒಂದು ಎಣಿಕೆಯೂ ಹೋಗುತ್ತದೆ. ಒಳಗೆ ಏನಿದೆ ಎಂದು ಕಂಪನಿ ಓದುವುದಿಲ್ಲ, ಎಷ್ಟು ಕೈ ದಾಟಿದೆ ಎನ್ನುವುದಷ್ಟೇ ಆ ಎಣಿಕೆ. ಒಂದು ಬಾಣವಿದ್ದರೆ ಕಳಿಸಿದವನು ಬರೆದದ್ದಲ್ಲ. ಮೊದಲು ಕಳಿಸಿದವನಿಂದ ಐದು ಅಥವಾ ಹೆಚ್ಚು ಕೈ ದಾಟಿದರೆ ಎರಡು ಬಾಣ, `Forwarded many times`. ಎಷ್ಟು ಮಂದಿ ನೋಡಿದರು ಎಂಬ ಲೆಕ್ಕ ಇದಲ್ಲ, ಎಷ್ಟನೇ ಕೈ ಎಂಬ ಲೆಕ್ಕ. ಒಬ್ಬನೇ ನೂರು ಜನಕ್ಕೆ ಕಳಿಸಿದರೂ ಎರಡು ಬಾಣ ಬರುವುದಿಲ್ಲ. ಸುಳ್ಳು ಎಂಬ ತೀರ್ಪೂ ಅದಲ್ಲ. ನಿನಗೆ ಕೊಟ್ಟವನೂ ಕಣ್ಣಾರೆ ಕಂಡಿಲ್ಲ ಅನ್ನುತ್ತದೆ, ಅಷ್ಟೇ.

ಎರಡು ಬಾಣದ ಮೆಸೇಜಿಗೆ ಮಿತಿ ಯಾಕೆ ಅಂದರೆ, ಪ್ರತಿಯೊಬ್ಬರೂ ಐದು ಕಡೆ ಕಳಿಸಿದರು ಅಂದುಕೊಳ್ಳಿ. ಐದು, ಇಪ್ಪತ್ತೈದು, 125, 625, ಐದನೇ ಕೈಗೆ 3,125. ಹೀಗೇ ಬಿಟ್ಟರೆ ಆರನೇ ಕೈಗೆ ಹದಿನೈದು ಸಾವಿರ ದಾಟುತ್ತದೆ. ಎರಡು ಬಾಣ ಬಿದ್ದ ಮೇಲೆ ಒಂದು ಸಲಕ್ಕೆ ಒಂದೇ ಚಾಟ್. ಹಟ ಹಿಡಿದವನು ಮತ್ತೆ ಮತ್ತೆ ಒತ್ತಬಹುದು, ಆದರೆ ಬಹಳ ಮಂದಿ ಒಂದೇ ಸಲ ಒತ್ತಿ ಫೋನ್ ಕೆಳಗಿಡುತ್ತಾರೆ. ಆಗ ಮುಂದಿನ ಕೈಗೂ 3,125ರ ಆಸುಪಾಸೇ. 2020ರ ಏಪ್ರಿಲ್‌ನಲ್ಲಿ ಈ ನಿಯಮ ಬಂದಮೇಲೆ ಇಂಥ ಮೆಸೇಜುಗಳ ಓಡಾಟ ಶೇ 70ರಷ್ಟು ಇಳಿಯಿತು ಎಂದು ವಾಟ್ಸಾಪ್ ಹೇಳಿತ್ತು. ಸುದ್ದಿ ನಿಲ್ಲುವುದಿಲ್ಲ, ತಡವಾಗುತ್ತದೆ. ಅಷ್ಟರೊಳಗೆ ಯಾರೋ ಒಬ್ಬರು ಮುನಿರಾಬಾದಿಗೆ ಫೋನ್ ಮಾಡಿರುತ್ತಾರೆ.

ನಮ್ಮ ಹುಡುಗ ಹೊಸದಾಗಿ ಹಾಕಿದಾಗ ಎಣಿಕೆ ಸೊನ್ನೆಗೆ ಬಂತು. ಐದು ಕೈ ದಾಟಿದ ಹಳೇ ಸುಳ್ಳು ಮತ್ತೆ ಮೊದಲನೇ ಕೈ ಆಯಿತು. ಮುಂದಿನವರಿಗೆ ಐದು ಕಡೆ ಕಳಿಸುವ ದಾರಿ ತೆರೆಯಿತು. ಸ್ಕ್ರೀನ್‌ಶಾಟ್ ತೆಗೆದು ಹಾಕಿದರೂ, ಕಾಪಿ ಮಾಡಿ ಅಂಟಿಸಿದರೂ ಇದೇ ಗತಿ. ಬಾಣವಿಲ್ಲದೆ ಬಂದದ್ದೆಲ್ಲ ತಾಜಾ ಅಲ್ಲ. ಚಿತ್ರ ಮಂಕಾಗಿದ್ದರೆ, ತಾರೀಕು ಇಲ್ಲದಿದ್ದರೆ, "ಈಗ ಬಂದ ಸುದ್ದಿ" ಅಂತ ಮಾತ್ರ ಇದ್ದರೆ, ಕಳಿಸಿದವನನ್ನೇ ಕೇಳಿ: ನೀನು ತೆಗೆದದ್ದಾ?

ಗೆಳೆಯರು ಅನ್ನುತ್ತಾರೆ, ನಿಜವಾಗಿಯೂ ನೀರು ಬಿಟ್ಟರೆ ಈ ಮಿತಿಯಿಂದ ಜನಕ್ಕೆ ತಿಳಿಯುವುದು ತಡವಾಗುವುದಿಲ್ಲವೇ ಅಂತ. ಆಗುವುದಿಲ್ಲ. ಹೊಳೆದಂಡೆಯ ಊರಿಗೆ ಎಚ್ಚರಿಕೆ ಆರನೇ ಕೈಯಿಂದ ಬರಬಾರದು. ಪಂಚಾಯಿತಿಯವರು ತಾವೇ ಬರೆದು ಹಾಕಿದರೆ ಅದಕ್ಕೆ ಬಾಣವೂ ಇಲ್ಲ, ಈ ಮಿತಿಯೂ ಇಲ್ಲ. ಕಂಪ್ಲಿ ಸೇತುವೆ ಮುಳುಗುವಾಗ ನಮಗೆ ಡಂಗುರವೂ ಕೇಳಿದೆ, ಗುಡಿಯ ಮೈಕೂ ಕೇಳಿದೆ.

ಇನ್ನೊಂದು ಹೇಳಲೇಬೇಕು. 2018ರಲ್ಲಿ ಮಕ್ಕಳ ಕಳ್ಳರ ವಿಡಿಯೊ ಹರಿದಾಡಿತ್ತಲ್ಲ, ಮಗುವನ್ನು ಬೈಕಿನಲ್ಲಿ ಎತ್ತಿಕೊಂಡು ಹೋಗುವುದು? ಅದನ್ನು ನಾನೂ ಕಳಿಸಿದ್ದೆ. ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆ ಮಾಡಿದ ಚಿತ್ರ ಅದು, ಮಗುವನ್ನು ವಾಪಸ್ ತಂದುಕೊಡುವ ಕೊನೆಯ ಭಾಗ ಕತ್ತರಿಸಿದ್ದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳನೆಂದು ಹೈದರಾಬಾದಿನ ಎಂಜಿನಿಯರನ್ನು ಜನ ಹೊಡೆದು ಕೊಂದರು. ಮೊದಲ ಬಾಣ ಫೋನಿಗೆ ಬಂದದ್ದೂ ಅದೇ ತಿಂಗಳು. ನನಗೆ ಆ ವಿಡಿಯೊ ಬಂದಾಗ ಬಾಣ ಇರಲಿಲ್ಲ. ನಮ್ಮ ಹುಡುಗನಿಗೆ ಎರಡು ಇದ್ದವು, ಅವನು ಅಳಿಸಿದ.

ಅವನಿಗೆ ಇಷ್ಟನ್ನೂ ಕೂರಿಸಿ ಹೇಳಿದೆ. ನಾಲ್ಕೂ ಗ್ರೂಪಿನಲ್ಲಿ ಡಿಲೀಟ್ ಮಾಡಿ, "ಇದು 2024ರದು, ನಾನು ನೋಡದೆ ಹಾಕಿದೆ" ಅಂತ ಬರೆದ. ಸಂಜೆ ಕಂಪ್ಲಿಗೆ ಹೊರಟಿದ್ದಾನೆ, ಅತ್ತೆಯ ಜೋಳದ ಚೀಲ ಕೆಳಗಿಳಿಸಲು.