ಸೆಪ್ಟೆಂಬರ್‌ನಲ್ಲಿ ಚಿನ್ನ ಏರುತ್ತದಂತೆ, ನಂಬಬಹುದಾ?

ಕರ್ನಾಟಕ ಬಿಟ್ಟು ಹೊರಗೆ ಬಂದ ಮೇಲೆ ಚಿನ್ನದ ರೇಟಿನ ಬಗ್ಗೆ ಎರಡು ಥರದ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಊರಿನ ನೆಂಟರು, "ಮದುವೆ ಸೀಸನ್ ಬಂದ್ರೆ ರೇಟು ಏರುತ್ತೆ, ಅದಕ್ಕೆ ಮುಂಚೇನೇ ತಗೊಂಡುಬಿಡು" ಅನ್ನುತ್ತಾರೆ. ಇಲ್ಲಿ ಜೊತೆಗೆ ಕೆಲಸ ಮಾಡುವವರು ಫೋನಿನಲ್ಲಿ ಒಂದು ಚಾರ್ಟ್ ತೆಗೆದು ತೋರಿಸುತ್ತಾರೆ. ಯಾವ ತಿಂಗಳಲ್ಲಿ ಚಿನ್ನ ಸರಾಸರಿ ಎಷ್ಟು ಏರಿದೆ ಅಂತ ಹನ್ನೆರಡು ತಿಂಗಳಿಗೆ ಹನ್ನೆರಡು ಕಂಬ, ಜನವರಿ ಮತ್ತು ಸೆಪ್ಟೆಂಬರ್ ಎತ್ತರ, ಮಾರ್ಚ್ ಮತ್ತು ಜೂನ್ ಕುಳ್ಳ. ಒಬ್ಬರದು ಅನುಭವದ ಲೆಕ್ಕ, ಇನ್ನೊಬ್ಬರದು ಅಂಕಿ ಲೆಕ್ಕ. ಇಬ್ಬರೂ ಕೊನೆಗೆ ಹೇಳುವುದು ಒಂದೇ: ಕ್ಯಾಲೆಂಡರ್ ನೋಡಿಕೊಂಡು ಚಿನ್ನ ಕೊಳ್ಳು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಯಾಕೆ ಅಂತ ಸೆಪ್ಟೆಂಬರ್ ಒಂದನ್ನೇ ಹಿಡಿದು ಹೇಳುತ್ತೇನೆ.

ಸೆಪ್ಟೆಂಬರ್‌ಗೆ ಈ ಹೆಸರು ಸುಮ್ನೆ ಬಂದದ್ದಲ್ಲ. ಡರ್ಕ್ ಬೌರ್ ಎಂಬ ಸಂಶೋಧಕರು 1980ರ ದಶಕದ ಆರಂಭದಿಂದ 2010ರವರೆಗಿನ ಬೆಲೆಗಳನ್ನು ತಿಂಗಳುವಾರು ಬಿಡಿಸಿ ನೋಡಿದ್ದರು. ಲೆಕ್ಕಕ್ಕೆ ನಿಲ್ಲುವಂಥ ಏರಿಕೆ ಅವರಿಗೆ ಸಿಕ್ಕಿದ್ದು ಸೆಪ್ಟೆಂಬರ್ ಮತ್ತು ನವೆಂಬರ್‌ನಲ್ಲಿ ಮಾತ್ರ. ಕಾರಣವೂ ಕೇಳಲು ಸರಿ ಅನ್ನಿಸುತ್ತದೆ: ಭಾರತದ ಹಬ್ಬ ಮತ್ತು ಮದುವೆಗಳಿಗೆ ವ್ಯಾಪಾರಿಗಳು ಆಗಲೇ ಮಾಲು ತುಂಬಿಕೊಳ್ಳುತ್ತಾರೆ, ಆಮೇಲೆ ಚೀನಾದ ಹೊಸ ವರ್ಷದ ಬೇಡಿಕೆ ಬರುತ್ತದೆ. ಹೀಗಾಗಿ ಊರಿನವರ ಮಾತಿಗೂ ಇಲ್ಲಿಯವರ ಚಾರ್ಟ್‌ಗೂ ತಾಳೆಯಾಯಿತು.

ಈಗ ಆಮೇಲಿನ ಸೆಪ್ಟೆಂಬರ್‌ಗಳನ್ನು ನೋಡಿ. ಲಂಡನ್‌ನ ಡಾಲರ್ ಬೆಲೆ ಇಟ್ಟುಕೊಂಡು, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಕೊನೆಗೆ ಎಷ್ಟಾಯಿತು ಅಂತ ಹೋಲಿಸುತ್ತಿದ್ದೇನೆ. 2011ರ ಸೆಪ್ಟೆಂಬರ್ ಆರಂಭದಲ್ಲಿ ಔನ್ಸ್‌ಗೆ 1,900 ಡಾಲರ್ ದಾಟಿದ್ದ ಚಿನ್ನ ಅದೇ ತಿಂಗಳು ಜೋರಾಗಿ ಬಿತ್ತು. 2012ರಲ್ಲಿ ಏರಿತು. 2013, 2014, 2015 ಮೂರೂ ಇಳಿಕೆ. 2016ರಲ್ಲಿ ಸ್ವಲ್ಪ ಏರಿಕೆ. ಅಲ್ಲಿಂದ 2017ರಿಂದ 2023ರವರೆಗೆ ಸತತ ಏಳು ಸೆಪ್ಟೆಂಬರ್ ಇಳಿಕೆ! ಆ ಚಾರ್ಟ್ ನಂಬಿ, ಏರುತ್ತದೆ ಅಂತ ಪ್ರತಿವರ್ಷ ಆಗಸ್ಟ್ ಕೊನೆಗೆ ಕೊಂಡು ಸೆಪ್ಟೆಂಬರ್ ಕೊನೆಗೆ ಮಾರಿದವರು ಏಳು ವರ್ಷವೂ ಕೈ ಸುಟ್ಟುಕೊಂಡಿರುತ್ತಾರೆ. ಅದೇ ವರ್ಷಗಳಲ್ಲೂ ಹಬ್ಬಗಳಿದ್ದವು, ಮದುವೆಗಳಿದ್ದವು. ಕಾರಣ ಅಲ್ಲೇ ಇತ್ತು, ಏರಿಕೆ ಮಾತ್ರ ಇರಲಿಲ್ಲ.

ಹಾಗಾದರೆ ಹಳೇ ಸರಾಸರಿ ಎಲ್ಲಿಂದ ಬಂತು? ಕಂಬದ ಒಳಗೆ ಏನಿದೆ ಅಂತ ಬಿಡಿಸಿ ನೋಡಬೇಕು. 1999ರ ಆಗಸ್ಟ್ ಕೊನೆಗೆ ಚಿನ್ನ ಸುಮಾರು 255 ಡಾಲರ್ ಇತ್ತು, ಸೆಪ್ಟೆಂಬರ್ ಕೊನೆಗೆ 299. ಒಂದೇ ತಿಂಗಳಲ್ಲಿ ಶೇ 17. ಅದು ಮದುವೆ ಸೀಸನ್ನಿನ ಕೆಲಸ ಅಲ್ಲವೇ ಅಲ್ಲ. ಆ ಸೆಪ್ಟೆಂಬರ್ 26ರಂದು ಯುರೋಪಿನ 15 ಸೆಂಟ್ರಲ್ ಬ್ಯಾಂಕುಗಳು, ಐದು ವರ್ಷ ಕಾಲ ವರ್ಷಕ್ಕೆ ಸುಮಾರು 400 ಟನ್‌ಗಿಂತ ಜಾಸ್ತಿ ಚಿನ್ನ ಮಾರುವುದಿಲ್ಲ ಅಂತ ವಾಷಿಂಗ್ಟನ್‌ನಲ್ಲಿ ಒಪ್ಪಂದ ಪ್ರಕಟಿಸಿದವು. ಅಲ್ಲಿಯವರೆಗೆ ಬ್ಯಾಂಕುಗಳ ಮಾರಾಟಕ್ಕೇ ಹೆದರಿ ಕೂತಿದ್ದ ಮಾರುಕಟ್ಟೆ ನೆಗೆದುಬಿಟ್ಟಿತು. ಈ ಒಪ್ಪಂದ ಮೇ ತಿಂಗಳಲ್ಲಿ ಆಗಿದ್ದರೆ ಮೇ ಕಂಬ ಎತ್ತರವಾಗುತ್ತಿತ್ತು, ಅಷ್ಟೇ. ಮೂವತ್ತು ವರ್ಷದ ಸರಾಸರಿಗೆ ಈ ಒಂದೇ ತಿಂಗಳು ಶೇ 0.57 ಸೇರಿಸುತ್ತದೆ (17 ಭಾಗಿಸು 30). ಮೂವತ್ತು ವರ್ಷದ ಗುಣ ಅಂತ ನಾವು ಓದುತ್ತಿರುವುದರಲ್ಲಿ ಒಂದು ಭಾನುವಾರದ ಪ್ರಕಟಣೆಯ ಪಾಲು ಇಷ್ಟು ದೊಡ್ಡದು. 2007ರ ಸೆಪ್ಟೆಂಬರ್ ಏರಿಕೆಯ ಹಿಂದೆ ಅಮೆರಿಕದ ಬಡ್ಡಿ ಕಡಿತ ಇತ್ತು. 2008ರದಕ್ಕೆ ಅಮೆರಿಕದ ದೊಡ್ಡ ಬ್ಯಾಂಕ್ ಲೀಮನ್ ಬ್ರದರ್ಸ್ ದಿವಾಳಿ.

ಇನ್ನೊಂದು ತೊಂದರೆ ಇದೆ. ಚಿನ್ನ ಯಾವುದೇ ತಿಂಗಳಲ್ಲಿ ಶೇ 4-5ರಷ್ಟು ಮೇಲೆ ಕೆಳಗೆ ಆಗುವುದು ತೀರಾ ಮಾಮೂಲು. ಇಷ್ಟು ಅಲ್ಲಾಡುವ ವಸ್ತುವಿನ ಮೂವತ್ತು ವರ್ಷದ ಸರಾಸರಿಯೇ ಅದೃಷ್ಟದ ಮೇಲೆ ಶೇ 0.8ರಷ್ಟು ಆಚೀಚೆ ಆಗಬಹುದು. ಚಾರ್ಟಿನಲ್ಲಿ ಒಂದು ಕಂಬ ಶೇ 1, ಇನ್ನೊಂದು ಶೇ 0.3 ಅಂತಿದ್ದರೆ ಎರಡರ ಮಧ್ಯೆ ವ್ಯತ್ಯಾಸ ಇದೆ ಅಂತ ಹೇಳುವುದೇ ಕಷ್ಟ. ಅದರ ಮೇಲೆ ನಾವು ಹನ್ನೆರಡು ತಿಂಗಳನ್ನೂ ನೋಡಿ ಅತಿ ಎತ್ತರದ್ದನ್ನು ಆರಿಸುತ್ತೇವೆ. ಯಾವ ತಿಂಗಳಲ್ಲೂ ಏನೂ ವಿಶೇಷ ಇಲ್ಲದಿದ್ದರೂ, ಇಪ್ಪತ್ತಕ್ಕೆ ಒಂದು ಸಲ ತಪ್ಪುವ ಪರೀಕ್ಷೆಯನ್ನು ಹನ್ನೆರಡು ಸಲ ಮಾಡಿದರೆ, ಕನಿಷ್ಠ ಒಂದು ತಿಂಗಳಾದರೂ "ವಿಶೇಷ" ಅಂತ ಕಾಣಿಸುವ ಸಾಧ್ಯತೆ ಸುಮಾರು ಶೇ 46. ಹೆಚ್ಚುಕಡಿಮೆ ಅರ್ಧಕ್ಕರ್ಧ, ಅಲ್ವಾ?

ಹಾಗಂತ ಊರಿನವರು ಹೇಳುವುದು ಪೂರ್ತಿ ಸುಳ್ಳಲ್ಲ. ಸೀಸನ್ ನಿಜವಾಗಿಯೂ ಇದೆ, ಆದರೆ ಅದು ಬೇಡಿಕೆಯಲ್ಲಿದೆ. ಒಡವೆ ಎಷ್ಟು ಟನ್ ಮಾರಾಟವಾಗುತ್ತದೆ ಅನ್ನುವುದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಲಂಡನ್ ಬೆಲೆಯ ಮೇಲೆ ಸ್ಥಳೀಯ ವ್ಯಾಪಾರಿಗಳು ಸೇರಿಸುವ ಪ್ರೀಮಿಯಂ ಅಥವಾ ಬಿಡುವ ಡಿಸ್ಕೌಂಟ್ ಕೂಡ ಅದರ ಜೊತೆ ಆಡುತ್ತದೆ. ಮೂಲ ಬೆಲೆಗೆ ಮಾತ್ರ ಇದು ಅಷ್ಟಾಗಿ ತಟ್ಟುವುದಿಲ್ಲ, ಯಾಕೆಂದರೆ ಚಿನ್ನ ಟೊಮ್ಯಾಟೊ ಅಲ್ಲ, ಕೊಳೆಯುವುದಿಲ್ಲ. ಇಲ್ಲಿಯವರೆಗೆ ಅಗೆದ ಚಿನ್ನ ಎರಡು ಲಕ್ಷ ಟನ್‌ಗಿಂತ ಜಾಸ್ತಿ, ಅದರಲ್ಲಿ ಬಹುಪಾಲು ಇನ್ನೂ ಯಾರದೋ ಕೈಯಲ್ಲಿದೆ. ಅಕ್ಟೋಬರ್‌ನಲ್ಲಿ ಬೆಲೆ ಏರುವುದು ಗ್ಯಾರಂಟಿ ಅಂತಾದರೆ ದೊಡ್ಡ ವ್ಯಾಪಾರಿಗಳು ಜೂನ್‌ನಲ್ಲೇ ಕೊಂಡು ಇಟ್ಟುಕೊಳ್ಳುತ್ತಾರೆ, ಆಗ ಜೂನ್ ಬೆಲೆ ಏರಿ ವ್ಯತ್ಯಾಸವೇ ಮಾಯ. ಇದನ್ನು ಕಣ್ಣಾರೆ ನೋಡಬೇಕು ಅಂದರೆ ಫ್ಯೂಚರ್ಸ್ ಬೆಲೆ, ಅಂದರೆ ಮುಂದಿನ ತಿಂಗಳುಗಳ ಮಾಲಿಗೆ ಈಗಲೇ ಒಪ್ಪಿಕೊಳ್ಳುವ ಬೆಲೆ, ತೆಗೆದು ನೋಡಿ. ನ್ಯಾಚುರಲ್ ಗ್ಯಾಸ್‌ಗೆ ಚಳಿಗಾಲದ ತಿಂಗಳುಗಳಲ್ಲಿ ಬೆಲೆ ಉಬ್ಬಿರುತ್ತದೆ. ಚಿನ್ನದ್ದು ಸಾಮಾನ್ಯವಾಗಿ ಬಡ್ಡಿ ಲೆಕ್ಕಕ್ಕೆ ತಕ್ಕಂತೆ ನೆಟ್ಟಗೆ ಏರುತ್ತಾ ಹೋಗುತ್ತದೆ, ಹಬ್ಬದ ತಿಂಗಳಲ್ಲಿ ಉಬ್ಬು ಇಲ್ಲ. ಹಣ ಹಾಕಿ ಕೂತವರೇ ಸೀಸನ್ನಿಗೆ ಬೆಲೆ ಕಟ್ಟಿಲ್ಲ.

ಹೊರಗಿರುವ ನಮ್ಮಂಥವರು ಇನ್ನೊಂದನ್ನು ಮರೆಯಬಾರದು: ಚಾರ್ಟ್ ಯಾವ ಹಣದಲ್ಲಿದೆ? 2022ರಲ್ಲಿ ಚಿನ್ನ ಡಾಲರ್‌ನಲ್ಲಿ ವರ್ಷವಿಡೀ ಓಡಾಡಿ ಕೊನೆಗೆ ಶುರುವಾದಲ್ಲಿಗೇ ಬಂದು ನಿಂತಿತು. ರೂಪಾಯಿಯಲ್ಲಿ ಅದೇ ಚಿನ್ನ ಶೇ 10ಕ್ಕಿಂತ ಜಾಸ್ತಿ ಏರಿತ್ತು, ಯಾಕೆಂದರೆ ರೂಪಾಯಿ ಬಿದ್ದಿತ್ತು. ಡಾಲರ್ ಚಾರ್ಟ್ ನೋಡಿ ರೂಪಾಯಿಯಲ್ಲಿ ಕೊಂಡರೆ, ನೀವು ಊಹಿಸುತ್ತಿರುವುದು ಚಿನ್ನದ ಜೊತೆಗೆ ರೂಪಾಯಿಯನ್ನೂ. ತಿಂಗಳಿನ ಗುಣ ನಿಜವಾಗಿ ಚಿನ್ನದ್ದೇ ಆಗಿದ್ದರೆ ಯೂರೋ, ಯೆನ್, ರೂಪಾಯಿ ಎಲ್ಲದರಲ್ಲೂ ಕಾಣಬೇಕು.

2024ರಲ್ಲಿ ಮತ್ತು 2025ರಲ್ಲಿ ಸೆಪ್ಟೆಂಬರ್ ಮತ್ತೆ ಏರಿತು, 2025ರಲ್ಲಂತೂ ಶೇ 10ಕ್ಕೂ ಮೀರಿ. ಹಾಗಾಗಿ ಹಳೇ ಚಾರ್ಟ್ ಹೊಸ ಕಂಬಗಳ ಜೊತೆ ಮತ್ತೆ ಓಡಾಡುತ್ತದೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ನಿಮಗೆ ಬಂದರೆ ಕಳಿಸಿದವರನ್ನೇ ಕೇಳಿ: ಯಾವ ವರ್ಷದಿಂದ ಯಾವ ವರ್ಷದವರೆಗೆ? ಅದನ್ನು ಅರ್ಧಕ್ಕೆ ಕತ್ತರಿಸಿದರೆ ಎರಡೂ ಅರ್ಧದಲ್ಲಿ ಅದೇ ತಿಂಗಳು ಮುಂದಿದೆಯಾ? ಅತಿ ದೊಡ್ಡ ಒಂದು ವರ್ಷ ತೆಗೆದರೆ ಏನು ಉಳಿಯುತ್ತದೆ? ಉಳಿದದ್ದು ಶೇ 1 ಅಂತಿಟ್ಟುಕೊಳ್ಳಿ, ಅದನ್ನು ಒಡವೆಯ ಮಜೂರಿ ಮತ್ತು ಕೊಳ್ಳುವ-ಮಾರುವ ದರದ ಅಂತರದ ಪಕ್ಕ ಇಟ್ಟು ನೋಡಿ. ಮಗಳ ಮದುವೆಗೆ ಒಡವೆ ಬೇಕಿದ್ದರೆ ತಿಂಗಳು ಕಾಯುವುದಕ್ಕಿಂತ ಮಜೂರಿ ಚೌಕಾಸಿ ಮಾಡುವುದರಲ್ಲೇ ಜಾಸ್ತಿ ಉಳಿಯುತ್ತದೆ.