ಓವರ್‌ಲೋಡ್ ರಿಲೇ ಸುಮ್ನೆ ಟ್ರಿಪ್ ಆಗಲ್ಲ

ಹೋದ ತಿಂಗಳು ಪಕ್ಕದ ಹಳ್ಳಿಯ ಹಿಟ್ಟಿನ ಗಿರಣಿಗೆ ಹೋಗಿದ್ದೆ. 10 ಎಚ್‌ಪಿ ಮೋಟರ್, ಅದಕ್ಕೆ ಪೂರ್ತಿ ವೋಲ್ಟೇಜ್ ನೇರವಾಗಿ ಕೊಡುವ ಡಿಒಎಲ್ ಸ್ಟಾರ್ಟರ್. ಮೋಟರ್ ಕಾಯಿಲ್ ಸುಟ್ಟು ಕರಟಿ ಹೋಗಿತ್ತು. ಒಂದೇ ವರ್ಷದಲ್ಲಿ ಇದು ಎರಡನೇ ಸಲ. ಸ್ಟಾರ್ಟರ್ ಬಾಗಿಲು ತೆಗೆದೆ. ಮೋಟರ್ ಮಿತಿ ಮೀರಿ ಕರೆಂಟ್ ಎಳೆದರೆ ಅದನ್ನು ನಿಲ್ಲಿಸುವ ಓವರ್‌ಲೋಡ್ ರಿಲೇಯ ಡಯಲ್ ಮೊದಲು ನೋಡಿದೆ, 18 ಆಂಪ್ಸ್‌ಗೆ ತಿರುಗಿಸಿಟ್ಟಿದ್ದರು. ಮೋಟರ್ ನೇಮ್ ಪ್ಲೇಟ್‌ನಲ್ಲಿ ಫುಲ್ ಲೋಡ್ ಕರೆಂಟ್ ಅಂತ ಇದ್ದದ್ದು 14.5.

"ಯಾಕಣ್ಣ ಹೀಗೆ?" ಅಂದೆ. "ಸುಮ್ಸುಮ್ನೆ ಟ್ರಿಪ್ ಆಗ್ತಿತ್ತು ಸಾರ್, ಗಿರಾಕಿಗಳು ಕಾಯ್ತಾರೆ. ಲೈನ್ ಹುಡುಗ ಬಂದು ಸ್ವಲ್ಪ ಏರಿಸಿಕೊಟ್ಟ" ಅಂದರು.

ಈ "ಸುಮ್ಸುಮ್ನೆ" ಅನ್ನೋ ಮಾತಿಗೇ ನನ್ನ ತಕರಾರು. ರಿಲೇ ಸರಿಯಾಗೇ ಕೆಲಸ ಮಾಡುತ್ತಿತ್ತು.

ಆ ಊರಿನ ಟ್ರಾನ್ಸ್‌ಫಾರ್ಮರ್, ಅಂದರೆ ಟಿಸಿ, 25 ಕೆವಿಎ. ಅದರ ಮೇಲೆ ಈ ಗಿರಣಿ, ಒಂದಷ್ಟು ಮನೆ, ಎರಡು ಪಂಪ್‌ಸೆಟ್. ಗಿರಣಿಗೆ ಉದ್ದದ ತೆಳು ಲೈನ್. ರೀವೈಂಡ್ ಆದ ಮೋಟರ್ ಕೂರಿಸಿ ಸ್ಟಾರ್ಟ್ ಮಾಡುವಾಗ ಟರ್ಮಿನಲ್‌ನಲ್ಲಿ ವೋಲ್ಟೇಜ್ ನೋಡಿದೆ. 415 ಇರಬೇಕಾದದ್ದು 340ಕ್ಕೆ ಕುಸಿಯಿತು. ವೋಲ್ಟೇಜ್ ಕಡಿಮೆಯಾದರೆ ಮೋಟರ್ ತಿರುಗಿಸುವ ಬಲ, ಅಂದರೆ ಟಾರ್ಕ್, ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಬೀಳುತ್ತದೆ. ಅಂದರೆ ಇಲ್ಲಿ ಮೂರನೇ ಎರಡು ಭಾಗ ಮಾತ್ರ ಉಳಿಯಿತು. ಕಲ್ಲು ವೇಗ ಹಿಡಿಯಲು ಪೂರ್ತಿ ಒಂಬತ್ತು ಸೆಕೆಂಡ್ ತಗೊಂಡಿತು. ಟಾಂಗ್ ಟೆಸ್ಟರ್‌ನಲ್ಲಿ ಹೆಚ್ಚುಕಡಿಮೆ ಅಷ್ಟು ಹೊತ್ತೂ 71 ಆಂಪ್ಸ್.

ಈಗ ಲೆಕ್ಕ ನೋಡಿ. 71 ಅಂದರೆ 14.5ರ ಸುಮಾರು ಐದು ಪಟ್ಟು. ಶಾಖವೂ ವರ್ಗದ ಲೆಕ್ಕದಲ್ಲಿ ಏರುವುದರಿಂದ ಅದು 24 ಪಟ್ಟು. ಒಂಬತ್ತು ಸೆಕೆಂಡ್‌ಗೆ ಗುಣಿಸಿದರೆ ಒಂದು ಸ್ಟಾರ್ಟ್ ಅಂದರೆ ಫುಲ್ ಲೋಡ್‌ನಲ್ಲಿ ಮೂರೂವರೆ ನಿಮಿಷಕ್ಕಿಂತ ಜಾಸ್ತಿ ಓಡಿದಷ್ಟು ಬಿಸಿ. ನಮ್ಮ ಅಣ್ಣ ಬೆಳಗ್ಗೆ ಹೊತ್ತು ಒಬ್ಬ ಗಿರಾಕಿ ಹೋದ ತಕ್ಷಣ ಆಫ್, ಇನ್ನೊಬ್ಬರು ಬಂದರೆ ಆನ್. ಗಂಟೆಗೆ ಹನ್ನೆರಡು ಸ್ಟಾರ್ಟ್. ಅಲ್ಲಿಗೇ 43 ನಿಮಿಷದ ಬಿಸಿ ಆಯಿತು. ಇದರ ಜೊತೆ 12 ಆಂಪ್ಸ್‌ನಲ್ಲಿ ನಲವತ್ತು ನಿಮಿಷ ಅರೆಯುತ್ತಾರೆ, ಅದು 27 ನಿಮಿಷಕ್ಕೆ ಸಮ. ಒಟ್ಟು 70. ಇರುವುದು 60 ನಿಮಿಷದ ಗಂಟೆ! ಅದರ ಮೇಲೆ, ಮೋಟರ್ ನಿಂತಾಗ ಅದರ ಫ್ಯಾನೂ ನಿಲ್ಲುತ್ತದೆ. ತಣಿಯುವುದೂ ನಿಧಾನ.

ಇಂಥಾ ಕಡೆ ಡಯಲ್ 18ಕ್ಕೆ ಏರಿಸಿದರೆ ಏನಾಗುತ್ತದೆ? ರಿಲೇ ತನ್ನ ಸೆಟ್ಟಿಂಗ್‌ನ 1.05 ಪಟ್ಟಿನಲ್ಲಿ ಟ್ರಿಪ್ ಆಗಬಾರದು, 1.2 ಪಟ್ಟಿನಲ್ಲಿ ಎರಡು ಗಂಟೆಯೊಳಗೆ ಆಗಬೇಕು. ಅದು ನಿಯಮ. ಹಾಗಾಗಿ 18ಕ್ಕೆ ಇಟ್ಟರೆ ಮೋಟರ್ 18.9 ಆಂಪ್ಸ್ ಎಳೆದರೂ ರಿಲೇ ಕಮಕ್ ಕಿಮಕ್ ಅನ್ನಲ್ಲ. ಅದು ಮೂವತ್ತು ಪರ್ಸೆಂಟ್ ಓವರ್‌ಲೋಡ್. ಕಾಯಿಲ್ ಸುಡದೆ ಇನ್ನೇನು?

ಕೆಲವರು ಕ್ಲಾಸ್ 10 ರಿಲೇ ತೆಗೆದು, ಟ್ರಿಪ್ ಆಗಲು ಹೆಚ್ಚು ಹೊತ್ತು ತಗೊಳ್ಳುವ ಕ್ಲಾಸ್ 20 ಹಾಕಿ ಅಂತಾರೆ. ಸ್ಟಾರ್ಟ್ ಉದ್ದವಾಗಿದ್ದು, ಮೋಟರ್ ಅದನ್ನು ತಡೆಯುವಂತಿದ್ದರೆ ಅದು ಸರಿ. ತಣ್ಣಗಿದ್ದಾಗಲೇ ಮೊದಲ ಸ್ಟಾರ್ಟ್‌ನಲ್ಲಿ ಟ್ರಿಪ್ ಆದರೆ ಕ್ಲಾಸ್ ನೋಡಬೇಕು. ಇಲ್ಲಿ ಹಾಗಿರಲಿಲ್ಲ. ನಾಲ್ಕೈದು ಸ್ಟಾರ್ಟ್ ಆದ ಮೇಲೇ ಟ್ರಿಪ್. ಅಂದರೆ ತೊಂದರೆ ಇರೋದು ಸ್ಟಾರ್ಟ್‌ಗಳ ಎಣಿಕೆಯಲ್ಲಿ.

ನಾನು ಮಾಡಿದ್ದು ಇಷ್ಟೇ. ಡಯಲ್ ಮತ್ತೆ 14.5ಕ್ಕೆ ಇಳಿಸಿದೆ. ಟ್ರಿಪ್ ಆದ ರಿಲೇ ತಾನೇ ಮತ್ತೆ ಸಿದ್ಧವಾಗುವಂತೆ ರೀಸೆಟ್ ಆಟೋದಲ್ಲಿತ್ತು, ಅದನ್ನು ಮ್ಯಾನುಯಲ್ ಮಾಡಿದೆ. ರಿಲೇ ಒಳಗೆ ಕರೆಂಟ್‌ನ ಬಿಸಿಗೆ ಬಾಗಿ ಟ್ರಿಪ್ ಮಾಡಿಸುವ ಪುಟ್ಟ ಬೈಮೆಟಲ್ ಪಟ್ಟಿ ಎರಡು ಮೂರು ನಿಮಿಷದಲ್ಲಿ ತಣ್ಣಗಾಗಿಬಿಡುತ್ತದೆ, ಅಷ್ಟು ಭಾರದ ಮೋಟರ್ ಆಗಲ್ಲ. ಆಮೇಲೆ ಅಣ್ಣನಿಗೆ ಹೇಳಿದೆ: ಬೆಳಗ್ಗೆ ರಶ್ ಇರುವಾಗ ಆಫ್ ಮಾಡಬೇಡಿ. ಕಲ್ಲಿನ ನಡುವೆ ಸಂದು ಬಿಟ್ಟು ಖಾಲಿ ಓಡಿಸಿ.

"ಕರೆಂಟ್ ಬಿಲ್ಲು?" ಅಂತ ಮುಖ ಸಣ್ಣ ಮಾಡಿದರು. ಖಾಲಿ ಓಡುವಾಗ 6 ಆಂಪ್ಸ್. ಬಿಸಿ ಫುಲ್ ಲೋಡ್‌ನ ಆರನೇ ಒಂದು ಭಾಗ ಅಷ್ಟೇ, ಜೊತೆಗೆ ಫ್ಯಾನೂ ತಿರುಗುತ್ತಿರುತ್ತದೆ. ಖಾಲಿ ಓಡುವ ಆಂಪ್ಸ್‌ನಲ್ಲಿ ಹೆಚ್ಚಿನದು ಯೂನಿಟ್ ಲೆಕ್ಕಕ್ಕೆ ಬರಲ್ಲ. ಗಂಟೆಗೆ ಇಪ್ಪತ್ತು ನಿಮಿಷ ಖಾಲಿ ಓಡಿದರೂ ಅರ್ಧ ಯೂನಿಟ್ ದಾಟಲ್ಲ. ಗಂಟೆಗೆ ಎರಡೇ ಸ್ಟಾರ್ಟ್ ಆದರೆ ಆ 70 ನಿಮಿಷದ ಬಿಸಿ 38ಕ್ಕೆ ಇಳಿಯುತ್ತದೆ. ರೀವೈಂಡಿಂಗ್ ಬಿಲ್ಲು ನೆನಪಿಸಿದ ಮೇಲೆ ಒಪ್ಪಿಕೊಂಡರು.

ಇನ್ನೊಂದು ಮಾತು ರೀವೈಂಡಿಂಗ್ ಅಂಗಡಿಯಲ್ಲೇ ಹೇಳಿದ್ದೆ: ಮೂರೂ ಫೇಸ್ ಕಾಯಿಲ್ ಒಳಗೆ ಒಂದೊಂದು ಪಿಟಿಸಿ ಥರ್ಮಿಸ್ಟರ್ ಕೂರಿಸಿ ಅಂತ. ಬೈಮೆಟಲ್ ಕರೆಂಟ್ ನೋಡಿ ಬಿಸಿಯನ್ನು ಊಹಿಸುತ್ತದೆ. ಪಿಟಿಸಿ ಕಾಯಿಲ್‌ನ ಬಿಸಿಯನ್ನೇ ಮುಟ್ಟಿ ನೋಡುತ್ತದೆ. ಕಾಯಿಲ್ ಕಟ್ಟುವಾಗ ಬಿಟ್ಟರೆ ಆಮೇಲೆ ಒಳಗೆ ಹಾಕುವುದು ಕಷ್ಟ.

ಡಯಲ್ ಮೇಲೆ ಒಂದು ತೊಟ್ಟು ಕೆಂಪು ನೇಲ್ ಪಾಲಿಶ್ ಹಾಕಿ ಬಂದಿದ್ದೇನೆ. ಯಾರಾದರೂ ತಿರುಗಿಸಿದರೆ ಬಿರುಕು ಬಿಡುತ್ತದೆ. ಮೊನ್ನೆ ಹೋದಾಗ ನೋಡಿದೆ, ಇನ್ನೂ ಹಾಗೇ ಇದೆ.