ಸೋಮವಾರ ಬಂದರೆ ಮತ್ತೆ ಮೊದಲ ಹೆಸರೇ!

ನಾಲ್ಕು ಜನರ ಬಾಡಿಗೆ ಮನೆಯಲ್ಲಿ ರಾತ್ರಿ ಪಾತ್ರೆ ತೊಳೆಯುವ ಪಾಳಿಯನ್ನು ಪ್ರತಿ ಸೋಮವಾರ ಮೊದಲ ಹೆಸರಿನಿಂದಲೇ ಶುರು ಮಾಡುವುದನ್ನು ದಯವಿಟ್ಟು ನಿಲ್ಲಿಸಿ. ವಾರಕ್ಕೆ 7 ದಿನ. ಮೊದಲ ಮೂವರಿಗೆ ಎರಡೆರಡು ಸರದಿ, ನಾಲ್ಕನೆಯವರಿಗೆ ಒಂದೇ. 4 ವಾರ ಕಳೆದರೆ ಮೂವರ ಲೆಕ್ಕ ತಲಾ 8, ಒಬ್ಬರದು 4. ನ್ಯಾಯವಾಗಿ ಎಲ್ಲರಿಗೂ 7 ಬರಬೇಕು! ಭಾನುವಾರ ಮೂರನೆಯವರು ತೊಳೆದಿದ್ದರೆ ಸೋಮವಾರ ನಾಲ್ಕನೆಯವರದ್ದು, ಅಷ್ಟೇ.

ಇನ್ನು ಊರಿಗೆ ಹೋದವರ ಸರದಿ. ಫೋನಿನ ರಿಮೈಂಡರ್ ತಾರೀಖು ನೋಡಿ ಮುಂದಕ್ಕೆ ಹೋಗುತ್ತದೆ, ಕೆಲಸ ಯಾರು ಮಾಡಿದರು ಅಂತ ನೋಡುವುದಿಲ್ಲ. ಇವತ್ತು ಬೇರೆಯವರ ಬದಲು ತೊಳೆದವರಿಗೆ ನಾಳೆ ಅವರದೇ ಸರದಿಯಿದ್ದರೆ ಅದೂ ತಪ್ಪುವುದಿಲ್ಲ. ತಳ ಹಿಡಿದ ಕುಕ್ಕರ್ ಎರಡು ರಾತ್ರಿಯೂ ಅವರೇ ಉಜ್ಜಬೇಕು. ಫ್ರಿಜ್ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ 'ಯಾರ ಸರದಿ', 'ಯಾರು ತೊಳೆದರು' ಅಂತ ಎರಡು ಕಾಲಂ ಬೇಕೇ ಬೇಕು. ಭಾನುವಾರದ ಲೆಕ್ಕವನ್ನು ಎರಡನೆಯ ಕಾಲಂ ನೋಡಿಯೇ ಹಾಕಿ. ಬಾಕಿ ಉಳಿಸಿಕೊಂಡವರು ಮುಂದಿನ ವಾರ ತೀರಿಸಲಿ, ಅದೂ ತಮ್ಮ ಬದಲು ತೊಳೆದವರ ಸರದಿಯ ದಿನವೇ.